ಮೂರನೇ ಸಾಲಿನ ಪ್ರಶ್ನೆ

ಲೈಬ್ರರಿಯ ಮಹಡಿ ಮೇಲಿನ ಹಾಲಿನಲ್ಲಿ ಪ್ರತಿ ಶನಿವಾರ ಸಂಜೆ ಒಂದು ತರಗತಿ ನಡೆಯುತ್ತದೆ. ಉಯಿಲು ಎಂದರೇನು, ಬರೆಯದೆ ಹೋದರೆ ಏನಾಗುತ್ತದೆ, ಯಾರಿಗೆ ಏನು ಸೇರುತ್ತದೆ ಎಂದು ಗೊತ್ತಿಲ್ಲದವರು ಬಂದು ಕೇಳಬಹುದು, ಫೀಸಿಲ್ಲ. ಇದನ್ನು ನಡೆಸುವವಳು ವಕೀಲಮ್ಮ. ನಡುವಯಸ್ಸಿನ ಹೆಂಗಸು, ಕಾಲೇಜಿನಲ್ಲಿ ಫಸ್ಟ್ ರ‍್ಯಾಂಕು, ಮಾತಿನಲ್ಲಿ ಸೋತದ್ದಿಲ್ಲ. ಊರಿನ ಅರ್ಧ ಜನರ ಉಯಿಲು ಅವಳ ಕೈಯಲ್ಲೇ ಆಗಿರುವುದು ಎಂದು ಅವಳೇ ಹೇಳಿಕೊಳ್ಳುತ್ತಾಳೆ, ಅದು ಹೆಚ್ಚುಕಡಿಮೆ ನಿಜವೂ ಹೌದು.

ಇಂಥ ತರಗತಿಗಳದ್ದು ಒಂದೇ ಕಷ್ಟ. ಬಂದವರೆಲ್ಲ ಮನೆಯ ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುತ್ತಾರೆ, ಆದರೆ ಮೊದಲು ಬಾಯಿ ಬಿಡುವವರು ಒಬ್ಬರೂ ಇಲ್ಲ. ತಾನು ಕೇಳಿದರೆ ತನ್ನ ಮನೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ಪಕ್ಕದ ಕುರ್ಚಿಯವರು ತಿಳಿದುಬಿಟ್ಟರೆ? ಹಾಗಾಗಿ ಎಲ್ಲರೂ ಫ್ಯಾನು ನೋಡುತ್ತಾ ಕೂರುತ್ತಾರೆ. ಈ ಮೌನಕ್ಕೆ ವಕೀಲಮ್ಮ ಹುಡುಕಿಕೊಂಡ ಉಪಾಯವೆಂದರೆ ಅವಳ ಅಪ್ಪ.

ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಶನಿವಾರ ಬಂದರೆ ಸಂಜೆಗೆ ಮುಂಚೆ ಲೈಬ್ರರಿಗೆ ಬಂದು, ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು, ಅವಳು ಫೋನಿನಲ್ಲಿ ಹೇಳಿಕೊಟ್ಟ ಪ್ರಶ್ನೆಯನ್ನು ಎದ್ದು ನಿಂತು ಕೇಳುವರು. “ಮೇಡಂ, ನನ್ನದೊಂದು ಸಂದೇಹ” ಎಂದು ಶುರು ಮಾಡಿದರೆಂದರೆ, ಇವರು ಮೇಡಮ್ಮನ ಅಪ್ಪ ಎಂದು ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಉತ್ತರ ಸಿಕ್ಕ ಮೇಲೆ “ಹಾಗಾ!” ಎಂದು ಹುಬ್ಬು ಮೇಲೇರಿಸಿ ಕೂರುವರು. ಆ ಹುಬ್ಬಿನ ನಟನೆ ನೋಡಿ ವಕೀಲಮ್ಮನಿಗೆ ನಗು ತಡೆಯುವುದೇ ಒಂದು ಕೆಲಸ. ಅಪ್ಪ ಕೇಳಿದ್ದೇ ತಡ, ಹಾಲಿನಲ್ಲಿದ್ದವರೆಲ್ಲ ಬಾಯಿ ಬಿಡುತ್ತಿದ್ದರು.

ಒಂದೇ ಒಂದು ಸಲ ಅಪ್ಪ ಅವಳು ಹೇಳಿಕೊಟ್ಟದ್ದನ್ನು ಬಿಟ್ಟು ತಮ್ಮದೇ ಏನೋ ಕೇಳಿದ್ದರು. ಉತ್ತರ ಹೇಳಿದ ಮೇಲೂ ಕೂರದೆ ನಿಂತೇ ಇದ್ದರು. ಆವತ್ತು ಬಸ್ ಸ್ಟಾಪಿನವರೆಗೂ ಅವರನ್ನು ಗದರಿಕೊಂಡೇ ಬಂದಿದ್ದಳು, ಹೇಳಿದ್ದಷ್ಟು ಕೇಳೋಕೂ ಆಗಲ್ವಾ ನಿಮಗೆ ಅಂತ. ಅಪ್ಪ ನಕ್ಕು ಬಸ್ಸು ಹತ್ತಿದ್ದರು. ಕೇಳಿದ್ದೇನು ಎಂಬುದು ಈಗ ಅವಳಿಗೆ ನೆನಪೂ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಕೆಲವು ವಾರ ತರಗತಿ ನಿಂತಿತ್ತು. ಮತ್ತೆ ಶುರುವಾದ ಮೊದಲ ಶನಿವಾರ ಅದು. ಮೂರನೇ ಸಾಲಿನ ಕೊನೆಯ ಕುರ್ಚಿಯ ಮೇಲೆ ಯಾರದೋ ತರಕಾರಿ ಚೀಲ ಕೂತಿತ್ತು. ಹಾಲಿನಲ್ಲಿ ಯಥಾಪ್ರಕಾರ ಮೌನ. ವಕೀಲಮ್ಮ ಕೆಮ್ಮಿದಳು, ನೀರು ಕುಡಿದಳು, ಕೊನೆಗೆ ತಾನೇ ಕೇಳಿದಳು.

“ಉಯಿಲು ಬರೀದೆ ಹೋದ್ರೆ ಏನಾಗುತ್ತೆ, ಯಾರಾದ್ರೂ ಹೇಳಿ ನೋಡೋಣ.”

“ಸರ್ಕಾರಕ್ಕೆ ಹೋಗುತ್ತೆ” ಎಂದರು ಬೇಕರಿಯವರು, ಒಳ್ಳೆ ಆತ್ಮವಿಶ್ವಾಸದಿಂದ.

“ಅಷ್ಟು ಸುಲಭವಾಗಿ ಸರ್ಕಾರಕ್ಕೆ ಏನೂ ಸಿಗಲ್ಲ ಬಿಡಿ. ಹತ್ತಿರದವರು, ದೂರದವರು, ಯಾರಂದ್ರೆ ಯಾರೂ ಇಲ್ಲದಿದ್ರೆ ಮಾತ್ರ. ಉಯಿಲು ಇಲ್ಲ ಅಂದ್ರೆ ಯಾರಿಗೆ ಎಷ್ಟು ಅಂತ ಕಾನೂನೇ ಹೇಳುತ್ತೆ. ಹಾಗೆ ರಕ್ತಸಂಬಂಧದಿಂದಲೋ ಮದುವೆಯಿಂದಲೋ ಪಾಲು ಬರುತ್ತಲ್ಲ, ಅವರು ವಾರಸುದಾರರು. ಸತ್ತವರಿಗೆ ಯಾರ ಮೇಲೆ ಜಾಸ್ತಿ ಪ್ರೀತಿ ಇತ್ತು ಅಂತ ಕಾನೂನು ಕೇಳೋದೇ ಇಲ್ಲ.”

ಕೊನೆಯ ವಾಕ್ಯವನ್ನು ಹೇಳುವಾಗ ಅವಳ ದನಿಯಲ್ಲಿ ಒಂದು ಖುಷಿ ಇತ್ತು. ಅದು ಅವಳಿಗೇ ಕೇಳಿಸಿತು.

“ಉಯಿಲು ಇದ್ರೆ?” ಎಂದರು ಹಿಂದಿನ ಸಾಲಿನ ಟೀಚರಮ್ಮ.

“ಇದ್ರೆ ಅದರಲ್ಲಿ ಬರೆದ ಹಾಗೆ. ಸ್ವಂತ ದುಡಿದು ಸಂಪಾದಿಸಿದ್ದನ್ನ ಯಾರಿಗೆ ಬೇಕಾದ್ರೂ ಬರೀಬಹುದು. ಮಗಳಿಗೆ, ಪಕ್ಕದ ಮನೆಯವರಿಗೆ, ಈ ಲೈಬ್ರರಿಗೆ. ಉಯಿಲಿನಿಂದ ಪಡೆಯೋರಿಗೆ ಲೆಗಟೀ ಅಂತಾರೆ. ಮಗಳು ವಾರಸುದಾರಳೂ ಹೌದು, ಅವಳಿಗೆ ಬರೆದಿದ್ರೆ ಲೆಗಟೀನೂ ಹೌದು. ಪಕ್ಕದ ಮನೆಯವರು ಬರೀ ಲೆಗಟೀ, ವಾರಸುದಾರರಲ್ಲ.”

“ಈ ಎಕ್ಸಿಕ್ಯೂಟರ್ ಅಂತಾರಲ್ಲ ಮೇಡಂ, ಅವನೇ ತಾನೇ ಎಲ್ಲದಕ್ಕೂ ಯಜಮಾನ? ನಮ್ಮ ದೊಡ್ಡಪ್ಪ ನನ್ನ ತಮ್ಮನನ್ನ ಮಾಡಿಟ್ಟಿದಾರೆ” ಎಂದು ಬೇಕರಿಯವರು ಕಡೆಗೂ ತಮ್ಮ ಮನೆಯ ಬಾಗಿಲು ತೆರೆದರು.

“ಯಜಮಾನ ಅಲ್ಲ, ಕೆಲಸದಾಳು. ಉಯಿಲಲ್ಲಿ ಬರೆದದ್ದನ್ನ ನಡೆಸಿಕೊಡೋನು. ಇರೋದೆಲ್ಲ ಒಟ್ಟುಮಾಡ್ಬೇಕು, ಸಾಲ ತೀರಿಸ್ಬೇಕು, ಮಿಕ್ಕಿದ್ದನ್ನ ಅವರವರ ಕೈಗೆ ಮುಟ್ಟಿಸ್ಬೇಕು, ಲೆಕ್ಕ ಒಪ್ಪಿಸ್ಬೇಕು. ಅವನಿಗೂ ಏನಾದ್ರೂ ಬರೆದಿದ್ರೆ ಸರಿ, ಇಲ್ಲಾಂದ್ರೆ ಓಡಾಟ ಒಂದೇ ಅವನ ಭಾಗ್ಯ. ನಿಮ್ಮ ತಮ್ಮನ ಮೇಲೆ ಹೊಟ್ಟೆ ಉರಿಯೋದಲ್ಲ, ಅಯ್ಯೋ ಪಾಪ ಅನ್ನಿ.”

ಹಾಲಿನಲ್ಲಿದ್ದವರೆಲ್ಲ ನಕ್ಕರು. ಬೇಕರಿಯವರ ಮುಖದ ಗಂಟು ಕೂಡ ಸ್ವಲ್ಪ ಸಡಿಲವಾಯಿತು.

“ಉಯಿಲೇ ಇಲ್ಲದಿದ್ರೆ ಆ ಓಡಾಟ ಯಾರು ಮಾಡೋದು?” ಟೀಚರಮ್ಮ ಕೇಳಿದರು.

“ವಾರಸುದಾರರಲ್ಲಿ ಒಬ್ಬರು ಕೋರ್ಟಿಗೆ ಅರ್ಜಿ ಹಾಕ್ತಾರೆ. ಕೋರ್ಟು ಅವರನ್ನ ಅಡ್ಮಿನಿಸ್ಟ್ರೇಟರ್ ಅಂತ ನೇಮಿಸುತ್ತೆ. ಕೆಲಸ ಅದೇ. ವ್ಯತ್ಯಾಸ ಇಷ್ಟೇ, ಎಕ್ಸಿಕ್ಯೂಟರನ್ನ ಸತ್ತವರು ಆರಿಸ್ತಾರೆ, ಅಡ್ಮಿನಿಸ್ಟ್ರೇಟರನ್ನ ಕೋರ್ಟು ಆರಿಸುತ್ತೆ.”

ಇದನ್ನು ಅವಳು ಬಾಯಿಪಾಠದಂತೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ತನ್ನ ಚೀಲದಲ್ಲಿದ್ದ ಅರ್ಜಿಯ ನಕಲು ನೆನಪಾಯಿತು. ಆ ಅರ್ಜಿ ಅವಳದೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದಾರೆ, ಅಮ್ಮ ಮೊದಲೇ ಹೋಗಿದ್ದಾರೆ, ವಾರಸುದಾರರು ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಸಮಪಾಲು, ಹಿರಿಯಳಾದ ತನ್ನನ್ನು ಅಡ್ಮಿನಿಸ್ಟ್ರೇಟರ್ ಮಾಡಬೇಕು ಎಂದು ಹೋದ ವಾರವಷ್ಟೇ ಕೋರ್ಟಿಗೆ ಕೊಟ್ಟಿದ್ದಳು. ‘ಸಾಕಷ್ಟು ಹುಡುಕಿದರೂ ಯಾವುದೇ ಉಯಿಲು ಸಿಕ್ಕಿಲ್ಲ’ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದಳು.

ಹುಡುಕಿದ್ದು ಸುಳ್ಳಲ್ಲ. ಅಂಗಡಿಯ ಗಲ್ಲಾ, ಮೇಲಿನ ಮನೆಯ ಬೀರು, ಹಾಸಿಗೆಯ ಕೆಳಗೆ, ಬ್ಯಾಂಕಿನ ಲಾಕರು, ಎಲ್ಲ ನೋಡಿದ್ದಳು. ಬೇರೆ ಯಾವ ಕಕ್ಷಿಗಾರರ ಕೇಸಾಗಿದ್ದರೂ ಊರಿನ ಇತರ ವಕೀಲರಿಗೆಲ್ಲ ಒಂದೊಂದು ಪತ್ರ ಹಾಕಿ ವಿಚಾರಿಸುತ್ತಿದ್ದಳು. ಅಪ್ಪನ ವಿಷಯದಲ್ಲಿ ಮಾತ್ರ ಅದು ಅವಳ ತಲೆಗೇ ಬರಲಿಲ್ಲ. ಮನೆಯಲ್ಲೇ ವಕೀಲಳು ಇರುವಾಗ ಅಪ್ಪ ಬೇರೆಯವರ ಮೆಟ್ಟಿಲು ಹತ್ತುತ್ತಾರೆಯೆ?

ಪ್ರೀತಿ ಯಾರ ಮೇಲೆ ಎಂದು ಕಾನೂನು ಕೇಳುವುದಿಲ್ಲ ಎನ್ನುವಾಗಿನ ಆ ಖುಷಿಯ ಬುಡದಲ್ಲಿದ್ದವಳು ಪುಟ್ಟಿ, ಅವಳ ತಂಗಿ. ಓದು ಹತ್ತಲಿಲ್ಲವೆಂದು ಪುಟ್ಟಿ ಶಾಲೆ ಬಿಟ್ಟು ಅಪ್ಪನ ಬೆಂಚಿಗೆ ಸೇರಿದವಳು. ಅಂದಿನಿಂದ ಇಂದಿನವರೆಗೆ ಅಪ್ಪನ ಪಕ್ಕದಲ್ಲೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸ್ಪ್ರಿಂಗು ಹಿಡಿದುಕೊಂಡು ಕೂತಳು. ವಕೀಲಮ್ಮ ರ‍್ಯಾಂಕು ಬಂದ ದಿನ ಓಡಿಕೊಂಡು ಅಂಗಡಿಗೆ ಹೋದಾಗ, ಇಬ್ಬರೂ ಬಾಗಿಲಿಗೆ ಬೆನ್ನು ಹಾಕಿ ಯಾವುದೋ ಹಳೆಯ ಗೋಡೆ ಗಡಿಯಾರದೊಳಗೆ ತಲೆ ಇಟ್ಟಿದ್ದರು. “ಉಸಿರು ಬಿಡಬೇಡ, ಉಸಿರು ಬಿಡಬೇಡ” ಎಂದು ಅಪ್ಪ ಪುಟ್ಟಿಗೆ ಹೇಳುತ್ತಿದ್ದರು. ಗಡಿಯಾರ ನಡೆಯಲು ಶುರುವಾದ ಮೇಲೆ ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಅಪ್ಪ ತಿರುಗಿ, “ಓ, ನೀನು ಬಂದ್ಯಾ” ಎಂದರು. ರ‍್ಯಾಂಕಿನ ಸುದ್ದಿ ಕೇಳಿ ಸಂತೋಷವೇನೋ ಪಟ್ಟರು. ಆದರೆ ಚಪ್ಪಾಳೆ ಆಗಲೇ ಮುಗಿದುಹೋಗಿತ್ತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ವಕೀಲಮ್ಮ ಬೇರೆ ಹೆಸರು ಇಡಲು ಹೋಗಲಿಲ್ಲ, ಯಾರ ಮುಂದೆಯೂ ಹೇಳಲೂ ಇಲ್ಲ. ಅಪ್ಪನಿಗೆ ಚಹಾ ಎಷ್ಟು ಬಿಸಿ ಇರಬೇಕೆಂದು ಪುಟ್ಟಿಗೆ ಗೊತ್ತು. ಅಪ್ಪನ ಔಷಧಿ, ಅಪ್ಪನ ಚಪ್ಪಲಿ ಅಳತೆ, ಅಪ್ಪನ ಮುನಿಸು, ಎಲ್ಲ ಪುಟ್ಟಿಯ ಪಾಲು. ತನ್ನನ್ನು ಅಪ್ಪ ಒಂದು ದಿನವೂ ಏನನ್ನೂ ಕೇಳಲಿಲ್ಲ. ಊರಿನವರೆಲ್ಲ ತನ್ನ ಹತ್ತಿರ ಬಂದು ಬಾಗಿಲು ತಟ್ಟುವಾಗ ತನ್ನ ಅಪ್ಪನಿಗೆ ಮಾತ್ರ ತನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಈಗ ಕಾನೂನು ಬಂದು ನಡುವೆ ಗೆರೆ ಎಳೆದು, ಇವಳಿಗೂ ಅರ್ಧ ಅವಳಿಗೂ ಅರ್ಧ ಎನ್ನುತ್ತಿತ್ತು. ಅವಳಿಗೆ ಅಂಗಡಿ ಬೇಕಿರಲಿಲ್ಲ, ಚಿಮಟ ಹಿಡಿಯಲೂ ಬರುತ್ತಿರಲಿಲ್ಲ. ಆ ಸಮಪಾಲು ಎಂಬ ಮಾತು ಬೇಕಿತ್ತು.

ತರಗತಿ ಮುಗಿಸಿ ಮೆಟ್ಟಿಲಿಳಿಯುವಾಗ ಫೋನು ಬಂತು. ಹೆಸರು ನೋಡಿ ಮೂಗು ಮುರಿದಳು. ಕಾಲೇಜಿನಲ್ಲಿ ಇವಳ ಹಿಂದೆಯೇ ಸೆಕೆಂಡ್ ರ‍್ಯಾಂಕು ಬಂದವಳು. ಈಗ ಬಸ್ ಸ್ಟ್ಯಾಂಡಿನ ಆ ಕಡೆ ಆಫೀಸು ಇಟ್ಟುಕೊಂಡಿದ್ದಳು. ಇಬ್ಬರೂ ಎದುರಾದಾಗ ಅಪ್ಪಿಕೊಳ್ಳುತ್ತಾರೆ, ತಿರುಗಿದ ಮೇಲೆ ಹಲ್ಲು ಕಡಿಯುತ್ತಾರೆ.

“ಲೇ, ನಾನು ಮಗಳ ಬಾಣಂತನಕ್ಕೆ ಅಂತ ಹೋಗಿದ್ದೆ ಕಣೇ, ನಿನ್ನೆ ಬಂದೆ. ಅಪ್ಪನ ವಿಷಯ ಈಗ ಗೊತ್ತಾಯ್ತು. ಮನಸ್ಸಿಗೆ ತುಂಬ ಬೇಜಾರಾಯ್ತು” ಎಂದಳು ಸೆಕೆಂಡ್ ರ‍್ಯಾಂಕು. ಆಮೇಲೆ, “ಅವರ ಉಯಿಲು ನನ್ನ ಹತ್ರ ಇದೆ. ಸೋಮವಾರ ಬರ್ತೀಯಾ?” ಎಂದಳು.

ವಕೀಲಮ್ಮ ಕೈಗಂಬಿ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಹಿಂದೆ ಇಳಿದು ಬರುತ್ತಿದ್ದ ಬೇಕರಿಯವರು, “ನೀರು ಬೇಕಾ ಮೇಡಂ?” ಎಂದರು.

ಭಾನುವಾರ ಪೂರ್ತಿ ಅವಳು ಒಳಗೊಳಗೇ ಕುದ್ದಳು. ಉಯಿಲು ಬರೆದದ್ದಕ್ಕಲ್ಲ. ಅದನ್ನು ಆ ಸೆಕೆಂಡ್ ರ‍್ಯಾಂಕಿನವಳ ಹತ್ತಿರ ಬರೆಸಿದ್ದಕ್ಕೆ. ಹೋಗಿ ಹೋಗಿ ಅವಳ ಹತ್ತಿರ! ಹೆತ್ತ ಮಗಳ ಕೈಮೇಲೆ ಅಪ್ಪನಿಗೆ ಇಷ್ಟೂ ನಂಬಿಕೆ ಇಲ್ಲವೆಂದು ಅವಳು ಎಷ್ಟು ಖುಷಿಪಟ್ಟಿರಬೇಕು! ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಅಪ್ಪನಿಗೆ ಮೊಣಕಾಲು ನೋವು. ಲೈಬ್ರರಿಯ ಮೆಟ್ಟಿಲನ್ನೇ ಕಷ್ಟಪಟ್ಟು ಹತ್ತುತ್ತಿದ್ದವರು ಬಸ್ ಸ್ಟ್ಯಾಂಡಿನ ಆಚೆಗೆ ಒಬ್ಬರೇ ಹೋಗಿರಲಾರರು. ಕರೆದುಕೊಂಡು ಹೋದವಳು ಪುಟ್ಟಿಯೇ ಇರಬೇಕು. ಆಸ್ತಿ ಪಡೆಯುವವರೇ ಕೈ ಹಿಡಿದು ಕರೆದೊಯ್ದು ಬರೆಸಿದ ಉಯಿಲನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ. ಆ ಅನುಮಾನ ತೆಗೆಯುವ ಹೊಣೆ ಉಯಿಲು ತಂದವರ ಮೇಲೆಯೇ ಬೀಳುತ್ತದೆ. ವಕೀಲಮ್ಮನ ಮನಸ್ಸು ತಕರಾರು ಅರ್ಜಿಯ ಮೊದಲ ಪ್ಯಾರಾ ಬರೆದೇಬಿಟ್ಟಿತು. ಬರೆಯುತ್ತಾ ಬರೆಯುತ್ತಾ ಊಟವೂ ರುಚಿಸಿತು.

ಸೋಮವಾರ ಸೆಕೆಂಡ್ ರ‍್ಯಾಂಕಿನ ಆಫೀಸಿನಲ್ಲಿ ಅವಳಿಗೆ ಮೆತ್ತನೆ ಕುರ್ಚಿ ಸಿಕ್ಕಿತು. ಅದೂ ಅವಳಿಗೆ ಚುಚ್ಚಿತು, ತನ್ನ ಆಫೀಸಿನಲ್ಲಿ ಕಕ್ಷಿಗಾರರಿಗೆ ಮರದ ಕುರ್ಚಿ. ಉಯಿಲು ಎರಡೇ ಪುಟ. ತಾನೇ ಸಂಪಾದಿಸಿದ ಕಟ್ಟಡ, ಕೆಳಗಿನ ಅಂಗಡಿ, ಮೇಲಿನ ಎರಡು ಕೋಣೆ, ಬೆಂಚು, ಉಪಕರಣ, ಎಲ್ಲ ಕಿರಿಯ ಮಗಳಿಗೆ. ಹಿರಿಯ ಮಗಳಿಗೆ ಮನೆ ಇದೆ, ಉದ್ಯೋಗ ಇದೆ, ದೇವರು ಚೆನ್ನಾಗಿಟ್ಟಿದ್ದಾನೆ. ಅವಳು ಈ ಉಯಿಲಿನ ಎಕ್ಸಿಕ್ಯೂಟರ್. ಕೆಳಗೆ ಅಪ್ಪನ ಸಹಿ, ಆ ಆಫೀಸಿನ ಪಕ್ಕದ ಔಷಧಿ ಅಂಗಡಿಯ ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳಿಬ್ಬರಿಗೂ ಉಯಿಲಿನಿಂದ ಏನೂ ಬರುವುದಿಲ್ಲ.

ಓದಿ ಮುಗಿಸಿದಾಗ ಅವಳ ಕಿವಿ ಬಿಸಿಯಾಗಿತ್ತು. ಎಲ್ಲ ಪುಟ್ಟಿಗೆ. ಇವಳಿಗೆ ಓಡಾಟ. ಬೇಕರಿಯವರಿಗೆ ಹೇಳಿದ ಮಾತು ಅವಳ ಮುಖಕ್ಕೇ ಬಂದು ಬಡಿಯಿತು.

“ಯಾರು ಕರ್ಕೊಂಡು ಬಂದ್ರು ಅಪ್ಪನ್ನ?” ಕೇಳಿದಳು, ದನಿಯಲ್ಲಿ ಕೋರ್ಟು ತಂದುಕೊಂಡು.

“ಒಬ್ಬರೇ ಬಂದ್ರು.”

“ಮೊಣಕಾಲು ನೋವು ಅವರಿಗೆ.”

“ಗೊತ್ತು. ಮೆಟ್ಟಿಲಲ್ಲಿ ಎರಡು ಸಲ ಕೂತು ಎದ್ದು ಬಂದ್ರು. ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ ಅಂದೆ. ಚಿಕ್ಕ ಮಗಳು ಪಕ್ಕದಲ್ಲೇ ಇರ್ತಾಳೆ, ಅವಳ ಕಿವಿಗೆ ಬೀಳಬಾರದು, ಅವಳಿಗೆ ಕೊಡ್ತಾ ಇರೋದ್ರಿಂದ ಅವಳು ಇದರ ಹತ್ರಾನೂ ಸುಳಿಯಬಾರದು ಅಂದ್ರು. ಪುಟ್ಟಿಗೆ ಇವತ್ತಿಗೂ ಗೊತ್ತಿಲ್ಲ ಕಣೇ.”

ತಕರಾರು ಅರ್ಜಿಯ ಮೊದಲ ಪ್ಯಾರಾ ಅಲ್ಲೇ ಸತ್ತುಹೋಯಿತು. ವಕೀಲಮ್ಮ ಎರಡನೆಯದಕ್ಕೆ ಕೈ ಹಾಕಿದಳು. “ನನ್ನ ಹತ್ರ ಯಾಕೆ ಬರಲಿಲ್ಲ? ನಿನ್ನ ಹತ್ರಾನೇ ಯಾಕೆ?”

ಸೆಕೆಂಡ್ ರ‍್ಯಾಂಕು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ನಾನೂ ಅದನ್ನೇ ಕೇಳ್ದೆ. ಉಯಿಲಲ್ಲಿ ಹೆಸರು ಇರೋ ಮನೆಯವರೇ ಅದನ್ನ ಬರೆದ್ರೆ ನಾಳೆ ಅನುಮಾನ ಬರುತ್ತೆ, ಹೊರಗಿನ ವಕೀಲರ ಹತ್ರ ಹೋಗಿ ಅಂತ ನನ್ನ ದೊಡ್ಡ ಮಗಳು ಕ್ಲಾಸಲ್ಲಿ ಹೇಳಿದಾಳೆ ಅಂದ್ರು. ಹೊರಗಿನವರಲ್ಲಿ ಯಾರು ಒಳ್ಳೆಯವರು ಅಂತ ಹುಡುಕಿದ್ರಂತೆ. ನಿನಗಿಂತ ಒಂದೇ ಒಂದು ಮೆಟ್ಟಿಲು ಕೆಳಗಿರೋಳು ನಾನೇ ಅಂತ ನನ್ನ ಮುಖಕ್ಕೇ ಹೇಳಿದ್ರು. ನಂಗೆ ಮೈ ಉರಿದುಹೋಯ್ತು. ಆದ್ರೂ ಬರ್ಕೊಟ್ಟೆ.”

ವಕೀಲಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ.

“ನಿನಗೆ ಬೇಡ ಅನ್ಸಿದ್ರೆ ಎಕ್ಸಿಕ್ಯೂಟರ್ ಆಗಲ್ಲ ಅಂತ ಬರ್ಕೊಡು. ಬಲವಂತ ಏನಿಲ್ಲ. ಆಗ ಕೋರ್ಟು ಬೇರೆಯವರನ್ನ ನೇಮಿಸುತ್ತೆ, ಅವರು ಇದೇ ಉಯಿಲನ್ನ ನಡೆಸ್ತಾರೆ” ಎಂದಳು ಸೆಕೆಂಡ್ ರ‍್ಯಾಂಕು.

“ನನಗೆ ಪಾಠ ಹೇಳಬೇಡ” ಎಂದು ವಕೀಲಮ್ಮ ಎದ್ದಳು. ಬಾಗಿಲವರೆಗೂ ಹೋಗಿ ನಿಂತು, “ನನ್ನ ಅರ್ಜಿ ವಾಪಸ್ ತಗೋಬೇಕು” ಎಂದಳು. ಅದು ಅವಳ ಬಾಯಿಂದ ಬಂದದ್ದು ಅಭ್ಯಾಸಬಲದಿಂದ. ಉಯಿಲು ಸಿಕ್ಕ ಮೇಲೆ ಉಯಿಲಿಲ್ಲವೆಂಬ ಅರ್ಜಿ ನಿಲ್ಲುವುದಿಲ್ಲ. ಎಕ್ಸಿಕ್ಯೂಟರ್ ಆಗುತ್ತೇನೆಂದು ಅವಳಿನ್ನೂ ಒಪ್ಪಿರಲಿಲ್ಲ.

ರಸ್ತೆಯಲ್ಲಿ ನಡೆಯುತ್ತಾ ಅವಳು ನಿರ್ಧಾರ ಮಾಡಿಕೊಂಡಳು. ಬೇಡ ಎಂದು ಬರೆದುಕೊಡುವುದೇ ಸರಿ. ಕೊಡುವುದನ್ನೆಲ್ಲ ಅವಳಿಗೆ ಕೊಟ್ಟು, ಅದನ್ನು ತಟ್ಟೆಯಲ್ಲಿಟ್ಟು ಹೊತ್ತುಕೊಂಡು ಹೋಗಿ ಕೊಡುವ ಕೆಲಸ ಮಾತ್ರ ನನಗಾ? ಬೇರೆ ಯಾರಾದರೂ ಹೊರಲಿ. ಪುಟ್ಟಿಗೆ ವಿಷಯ ತಿಳಿಸಿ, ಕೈ ತೊಳೆದುಕೊಂಡು ಬಂದುಬಿಡುತ್ತೇನೆ.

ಅಂಗಡಿಯಲ್ಲಿ ಪುಟ್ಟಿ ಒಬ್ಬಳೇ ಇದ್ದಳು. ಬೆಂಚಿನ ಮೇಲೆ ಬಿಚ್ಚಿದ ಕೈಗಡಿಯಾರ, ಹಿಂದಿನ ಗೋಡೆಯಲ್ಲಿ ಹೆಸರಿನ ಚೀಟಿ ಕಟ್ಟಿದ ಗಡಿಯಾರಗಳ ಸಾಲು. ಅಪ್ಪನ ಸ್ಟೂಲನ್ನು ಅವಳು ಪಕ್ಕಕ್ಕೆ ಸರಿಸಿರಲಿಲ್ಲ, ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದಳು.

“ಅಕ್ಕ, ಒಳ್ಳೇ ಸಮಯಕ್ಕೆ ಬಂದೆ” ಎಂದಳು ಕಣ್ಣಿನ ಭೂತಗನ್ನಡಿ ತೆಗೆಯುತ್ತಾ. “ಕೋರ್ಟಿಗೆ ಕೊಡೋ ಆಸ್ತಿ ಪಟ್ಟಿಗೆ ಈ ಗೋಡೆಯಲ್ಲಿರೋವೂ ಸೇರಿಸಬೇಕಾ? ರಿಪೇರಿಗೆ ಬಂದಿರೋವು.”

“ಅವು ಅಪ್ಪನವಲ್ಲ. ಕೊಟ್ಟವರದ್ದು. ಪಟ್ಟಿಗೆ ಬರಲ್ಲ, ಅವರವರಿಗೆ ವಾಪಸ್ ಕೊಡ್ಬೇಕು.” ಉತ್ತರ ತಾನಾಗಿ ಬಂತು. ಆಮೇಲೆ ವಕೀಲಮ್ಮ ನಿಂತುಕೊಂಡೇ, ಒಂದೇ ಉಸಿರಿನಲ್ಲಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಉಯಿಲು ಇದೆ. ಕಟ್ಟಡ, ಅಂಗಡಿ, ಮನೆ, ಎಲ್ಲ ನಿನ್ನದು. ನನ್ನನ್ನು ಎಕ್ಸಿಕ್ಯೂಟರ್ ಮಾಡಿದ್ದಾರೆ.

ಪುಟ್ಟಿಯ ಮುಖ ಕೆಂಪಾಯಿತು. ಅವಳು ಕುಣಿಯುತ್ತಾಳೆ, ಅಥವಾ ‘ಅಯ್ಯೋ ಬೇಡ ಅಕ್ಕ’ ಎಂದು ನಾಟಕವಾಡುತ್ತಾಳೆ ಎಂದು ವಕೀಲಮ್ಮ ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು.

“ನಿನ್ನನ್ನ ಮಾಡಿದ್ರಾ?” ಎಂದಳು ಪುಟ್ಟಿ. “ನನ್ನನ್ನ ಯಾಕೆ ಮಾಡ್ಲಿಲ್ಲ?”

“ಏನು?”

“ಎಕ್ಸಿಕ್ಯೂಟರ್. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ. ನನ್ನ ಮೇಲೆ ನಂಬಿಕೆ ಇರಲಿಲ್ವಾ ಅಪ್ಪನಿಗೆ?”

“ಲೇ ಹುಚ್ಚಿ, ಆಸ್ತಿ ಪೂರ್ತಿ ನಿನಗೆ ಕೊಟ್ಟಿದಾರೆ. ಎಕ್ಸಿಕ್ಯೂಟರ್ ಅಂದ್ರೆ ಬರೀ ಚಾಕರಿ. ಚಿಕ್ಕಾಸು ಬರಲ್ಲ.”

“ಅಂಗಡಿ ನಾನು ಇಲ್ಲಿ ಇರೋಳು ಅಂತ ಕೊಟ್ರು. ಬೀದಿಗೆ ಬೀಳಬಾರದು ಅಂತ. ದಡ್ಡಿಗೆ ಕೊಡೋ ಹಾಗೆ.” ಪುಟ್ಟಿ ಚಿಮಟವನ್ನು ಬೆಂಚಿನ ಮೇಲೆ ಕುಕ್ಕಿದಳು. “ಯಾವಾಗ್ಲೂ ಹೀಗೇ. ಕೆಲಸ ಬಿದ್ರೆ ನಾನು, ಗೌರವ ನಿನಗೆ. ಶನಿವಾರ ಬಂತು ಅಂದ್ರೆ ಸಾಕು, ಎಷ್ಟೇ ಗಿರಾಕಿ ಇರ್ಲಿ, ನನ್ನನ್ನ ಬಿಟ್ಟು ಹೊರಡೋರು. ಇಸ್ತ್ರಿ ಅಂಗಿ, ಪೌಡರು! ನಿನ್ನ ಕ್ಲಾಸಿಗೆ! ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ನಿನಗೆ?”

ವಕೀಲಮ್ಮ ಚೀಲವನ್ನು ಬೆಂಚಿನ ಮೇಲಿಟ್ಟಳು. ಇವಳಿಗೆ, ತನ್ನ ಮೇಲೆ, ಹೊಟ್ಟೆಕಿಚ್ಚು? ಕೋರ್ಟಿನಲ್ಲಿ ಎದುರು ಪಕ್ಷದವರು ತನ್ನದೇ ವಾದವನ್ನು ಎತ್ತಿಕೊಂಡು ಓದಿದರೆ ಹೇಗೋ ಹಾಗಾಯಿತು.

“ಪೌಡರಾ?” ಎಂದಷ್ಟೇ ಕೇಳಿದಳು.

“ಹೂಂ, ಪೌಡರು. ನೀನು ಫೋನಲ್ಲಿ ಹೇಳ್ತಿದ್ದ ಪ್ರಶ್ನೇನ ವಾರವೆಲ್ಲ ಆ ಕನ್ನಡಿ ಮುಂದೆ ನಿಂತು ಹೇಳ್ಕೊಳ್ಳೋರು. ‘ಮೇಡಂ, ನನ್ನದೊಂದು ಸಂದೇಹ.’ ಹುಬ್ಬು ಬೇರೆ. ನನಗೆ ಎಲ್ಲ ಬಾಯಿಪಾಠ ಆಗ್ಹೋಗಿದೆ. ಸಾಕ್ಷಿ ಯಾರಾಗ್ಬಹುದು, ಉಯಿಲು ಬದಲಾಯಿಸಬಹುದಾ.” ಪುಟ್ಟಿ ಮೂಗು ಸೀಟಿಕೊಂಡಳು. “ಆ ಒಂದು ಪ್ರಶ್ನೇನ ಅಂತೂ ಒಂದು ತಿಂಗಳು ಹೇಳ್ಕೊಂಡ್ರು. ಹೇಳೋರು, ತಪ್ಪೋರು, ಮತ್ತೆ ಶುರು ಮಾಡೋರು. ನಿಮ್ಮ ಅಕ್ಕ ಕಷ್ಟದ್ದು ಕೊಟ್ಟಿದಾಳೆ ಅಂತ ನನ್ನ ಹತ್ರ ಅಂದ್ರು.”

“ಯಾವುದು?”

“ಅದೇ, ಎರಡು ಮಕ್ಕಳಿರೋ ಅಪ್ಪಂದು. ನೀನೇ ಕೊಟ್ಟಿದ್ದಲ್ವಾ?” ಪುಟ್ಟಿ ಕಣ್ಣು ಮುಚ್ಚಿ, ಅಪ್ಪನ ದನಿಯಲ್ಲಿ, ಅಪ್ಪ ನಿಲ್ಲುತ್ತಿದ್ದ ಜಾಗಗಳಲ್ಲೆಲ್ಲ ನಿಂತು ಹೇಳಿದಳು. “‘ಮೇಡಂ, ನನ್ನದೊಂದು ಸಂದೇಹ. ಒಬ್ಬ ಅಪ್ಪ, ಎರಡು ಮಕ್ಕಳು. ಇರೋದೆಲ್ಲ ಒಬ್ಬಳಿಗೆ ಬರೆದು, ಅದನ್ನ ನಡೆಸಿಕೊಡು ಅಂತ ಇನ್ನೊಬ್ಬಳಿಗೆ ಹೇಳಿದ್ರೆ, ಅದು ಅನ್ಯಾಯ ಅಲ್ವಾ? ಅವಳು ಮಾಡಿಕೊಡ್ತಾಳಾ?’”

ಅಂಗಡಿಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಾ ಓಡುತ್ತಿದ್ದವು. ವಕೀಲಮ್ಮನಿಗೆ ಆ ಶನಿವಾರ ಪೂರ್ತಿ ನೆನಪಾಯಿತು. ಹಾಲಿನ ತುಂಬ ಜನ. ತಾನು ಹೇಳಿಕೊಟ್ಟದ್ದನ್ನು ಬಿಟ್ಟು ಅಪ್ಪ ಇದನ್ನು ಕೇಳಿದಾಗ ಅವಳಿಗೆ ರೇಗಿತ್ತು. ಅದನ್ನು ತೋರಿಸಿಕೊಳ್ಳದೆ, ಎಲ್ಲರನ್ನೂ ನಗಿಸುವ ದನಿಯಲ್ಲೇ ಉತ್ತರ ಕೊಟ್ಟಿದ್ದಳು. ‘ಕಾನೂನಿನ ಪ್ರಕಾರ ತಪ್ಪಿಲ್ಲ ಯಜಮಾನ್ರೇ. ಆದ್ರೆ ಅವಳು ಅಳ್ತಾಳೆ, ಹೊಟ್ಟೆ ಉರ್ಕೋತಾಳೆ, ನಿಮ್ಮನ್ನ ಬೈತಾಳೆ. ಅಷ್ಟೆಲ್ಲ ಆದ್ಮೇಲೂ ಇನ್ನೊಬ್ಬಳದ್ದು ಒಂದು ಮೊಳೆನೂ ಮುಟ್ಟಲ್ಲ ಅಂತ ನಿಮಗೆ ಅವಳ ಮೇಲೆ ನಂಬಿಕೆ ಇದೆಯಾ? ಇದ್ರೆ ಅವಳನ್ನೇ ಮಾಡಿ. ಇಲ್ಲದಿದ್ರೆ ಬ್ಯಾಂಕಿನವರನ್ನ ಮಾಡಿ.’

ಎಲ್ಲರೂ ನಕ್ಕಿದ್ದರು. ಅಪ್ಪ ನಗಲಿಲ್ಲ. ‘ಹಾಗಾ’ ಎಂದು ಹುಬ್ಬೇರಿಸಲೂ ಇಲ್ಲ. ನಿಂತೇ ಇದ್ದರು. ಅವರು ಇನ್ನೇನೋ ಹೇಳಿದ್ದರು, ಆದರೆ ಆಗಲೇ ಅವಳು ಮುಂದಿನವರ ಕಡೆ ಕೈ ತೋರಿಸಿಯಾಗಿತ್ತು.

ಒಂದು ದಿನವೂ ಏನನ್ನೂ ಕೇಳಲಿಲ್ಲವೆಂದು ಇಷ್ಟು ವರ್ಷ ಗೋಳಾಡಿದಳಲ್ಲ. ಕೇಳಿದ್ದರು. ಒಂದು ತಿಂಗಳು ತಯಾರಿ ಮಾಡಿಕೊಂಡು, ಅಷ್ಟು ಜನರ ಮುಂದೆ, ಮೇಡಂ ಎಂದು ಕರೆದು ಕೇಳಿದ್ದರು.

“ಅಕ್ಕ, ಯಾಕೆ ಅಳ್ತಿದೀಯಾ? ನಾನೇನು ಅಂದೆ ಈಗ?” ಪುಟ್ಟಿ ಗಾಬರಿಯಿಂದ ಎದ್ದಳು.

“ಏನಿಲ್ಲ. ಹೊಟ್ಟೆ ಉರೀತಿದೆ ಅಷ್ಟೇ” ಎಂದಳು ವಕೀಲಮ್ಮ. ಅದು ಸುಳ್ಳೂ ಆಗಿರಲಿಲ್ಲ. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು. ಅಂಗಡಿ, ಬೆಂಚು, ಆ ಚಪ್ಪಾಳೆ, ಎಲ್ಲ ಇವಳಿಗೇ ಹೋಯಿತೆಂದು ಉರಿಯುತ್ತಿತ್ತು. ಅವಳು ಅಪ್ಪನ ಸ್ಟೂಲನ್ನು ಎಳೆದುಕೊಂಡು ಕೂತಳು, ಚೀಲದಿಂದ ಪೆನ್ನು ಕಾಗದ ತೆಗೆದಳು. “ಕೂತ್ಕೋ. ಮೊದಲು ಗೋಡೆಯಲ್ಲಿರೋವನ್ನ ಬೇರೆ ಬರೆಯೋಣ, ಅವು ಗಿರಾಕಿಗಳದ್ದು. ಆಮೇಲೆ ನಿನ್ನದೆಲ್ಲ ಒಂದೊಂದಾಗಿ ಹೇಳು. ಸ್ಕ್ರೂ ಡ್ರೈವರು, ಚಿಮಟ, ಮೊಳೆ, ಒಂದೂ ಬಿಡಬೇಡ. ನಾಳೆ ಕೋರ್ಟಿನಲ್ಲಿ ಲೆಕ್ಕ ಒಪ್ಪಿಸಬೇಕಾದವಳು ನಾನು.”

ಪುಟ್ಟಿ ಕಣ್ಣೊರೆಸಿಕೊಂಡು ಗೋಡೆಯ ಮೊದಲ ಗಡಿಯಾರದ ಚೀಟಿ ಓದತೊಡಗಿದಳು. ನಡುವೆ ನಿಲ್ಲಿಸಿ, “ಆ ಪ್ರಶ್ನೆಗೆ ನೀನು ಏನು ಉತ್ತರ ಹೇಳಿದೆ? ಅಪ್ಪ ನನಗೆ ಹೇಳಲೇ ಇಲ್ಲ” ಎಂದಳು.

“ನಂಬಿಕೆ ಇದೆಯಾ ಅಂತ ಅವರನ್ನೇ ಕೇಳ್ದೆ.”

“ಅಪ್ಪ ಏನಂದ್ರು?”

ವಕೀಲಮ್ಮ ಬರೆಯುವುದನ್ನು ನಿಲ್ಲಿಸಿದಳು. ಮೂರನೇ ಸಾಲಿನ ಕೊನೆಯಲ್ಲಿ, ಇಸ್ತ್ರಿ ಅಂಗಿಯಲ್ಲಿ, ಮೊಣಕಾಲು ನೋವಿಗೆ ಮುಂದಿನ ಕುರ್ಚಿ ಹಿಡಿದುಕೊಂಡು ನಿಂತ ಅಪ್ಪ ಆವತ್ತು ಹೇಳಿದ್ದು ಈಗ ಸ್ಪಷ್ಟವಾಗಿ ಕೇಳಿಸಿತು.

“‘ಇದೆ, ಮೇಡಂ’ ಅಂದ್ರು.”